ಗಾಡಿಯ ಬ್ರೆಡ್ ಆಮ್ಲೆಟ್ ಮನೆಯಲ್ಲಿ ಮಡಚುವಾಗ ಯಾಕೆ ಹರಿಯುತ್ತದೆ?

ರಾತ್ರಿ ಪಾಳಿ (ಬೆಂಗಳೂರು)

ನಮ್ಮ ಆಫೀಸಿನ ಹಿಂದಿನ ರಸ್ತೆಯಲ್ಲಿ ರಾತ್ರಿ ಹನ್ನೊಂದರವರೆಗೂ ಒಂದು ಮೊಟ್ಟೆ ಗಾಡಿ ನಿಂತಿರುತ್ತದೆ. ಅಲ್ಲಿನ ಬ್ರೆಡ್ ಆಮ್ಲೆಟ್ ಅನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಆರಾಮಾಗಿ ತಿನ್ನಬಹುದು. ಎರಡು ಬ್ರೆಡ್ಡಿನ ನಡುವೆ ಮೊಟ್ಟೆ, ಈರುಳ್ಳಿ, ಹಸಿಮೆಣಸಿನಕಾಯಿ ಎಲ್ಲ ಕಚ್ಚಿಕೊಂಡು ಒಂದೇ ತುಂಡಾಗಿರುತ್ತದೆ. ಪೇಪರ್ ಮೇಲೆ ಒಂದು ಚೂರು ಈರುಳ್ಳಿಯೂ ಉದುರಿರುವುದಿಲ್ಲ.

ಮನೆಯಲ್ಲಿ ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಕೆಟ್ಟಿತು. ಎರಡು ಮೊಟ್ಟೆ, ಒಂದು ದೊಡ್ಡ ಈರುಳ್ಳಿ, ಮೂರು ಹಸಿಮೆಣಸಿನಕಾಯಿ, ಉಪ್ಪು ಎಲ್ಲ ಸೇರಿಸಿ ಕಲಕಿಟ್ಟು ಸ್ನಾನಕ್ಕೆ ಹೋಗುತ್ತೇನೆ. ಬಂದು ತವಾ ಮೇಲೆ ಹೊಯ್ದು, ಎರಡು ಬ್ರೆಡ್ ಪಕ್ಕಪಕ್ಕ ಇಡುತ್ತೇನೆ. ಕೆಳಗೆ ಬೆಂದ ಮೇಲೆ ಒಂದು ಬ್ರೆಡ್ಡನ್ನು ಎತ್ತಿ ಇನ್ನೊಂದರ ಮೇಲೆ ಮಡಚಿದರೆ ನಡುವೆ ಟರ್ ಅಂತ ಹರಿಯುತ್ತದೆ. ಬ್ರೆಡ್ ಒಂದು ಕಡೆ, ಆಮ್ಲೆಟ್ ಒಂದು ಕಡೆ. ಗಾಡಿಯವರನ್ನು ಕೇಳೋಣ ಅಂದರೆ ಅಷ್ಟು ಜನರ ನಡುವೆ ನಾಚಿಕೆ. ಎಲ್ಲಿ ತಪ್ಪುತ್ತಿದ್ದೇನೆ?

ಸುಧಾ ಟೀಚರ್ (ತುಮಕೂರು)

ಬ್ರೆಡ್ ಮೆತ್ತಗಾಗುವುದೇ ಸಮಸ್ಯೆ ಇರಬೇಕು. ಮೊದಲು ಬ್ರೆಡ್ಡಿನ ಎರಡೂ ಕಡೆ ಬೆಣ್ಣೆ ಸವರಿ, ತವಾ ಮೇಲೆ ಗರಿಗರಿ ಮಾಡಿಕೊಳ್ಳಿ. ಮೊಟ್ಟೆಗೆ ಎರಡು ಚಮಚ ಹಾಲು ಹಾಕಿ ಚೆನ್ನಾಗಿ ನೊರೆ ಬರುವವರೆಗೆ ಕಲಕಿ. ಆಮ್ಲೆಟ್ ಉಬ್ಬಿ ಬರುತ್ತದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಹೀಗೇ ಮಾಡುವುದು, ಯಾರೂ ದೂರು ಹೇಳಿಲ್ಲ.

ಮಲೆನಾಡ ಅಡುಗೆಮನೆ

ಬ್ರೆಡ್ಡನ್ನು ನೇರ ಮೊಟ್ಟೆಯಲ್ಲೇ ಅದ್ದಿ ಹಾಕಿ, ಹರಿಯುವ ಪ್ರಶ್ನೆಯೇ ಬರುವುದಿಲ್ಲ. ನಾವು ಹಾಲು, ಸಕ್ಕರೆ, ಏಲಕ್ಕಿ ಹಾಕಿ ಮಾಡುತ್ತೇವೆ. ತುಪ್ಪದಲ್ಲಿ ಕೆಂಪಗೆ ಬೇಯಿಸಿದರೆ ಒಳ್ಳೆಯ ಪರಿಮಳ.

ರಾತ್ರಿ ಪಾಳಿ

ಅಕ್ಕಾ, ಅದು ಬಾಂಬೆ ಟೋಸ್ಟ್ ಅಲ್ವಾ? ನನಗೆ ಈರುಳ್ಳಿ, ಹಸಿಮೆಣಸಿನಕಾಯಿ ಒಳಗೆ ಮುಚ್ಚಿಕೊಂಡಿರುವುದು ಬೇಕು.

ಮಲೆನಾಡ ಅಡುಗೆಮನೆ

ಓ, ನಾನು ಶೀರ್ಷಿಕೆ ಮಾತ್ರ ಓದಿ ಬರೆದುಬಿಟ್ಟೆ. ಆದರೂ ಒಂದು ಸಲ ಮಾಡಿ ನೋಡಿ.

ಗಾಡಿ ಮಗ (ಮೈಸೂರು)

ನಮ್ಮಪ್ಪ ಹದಿನೆಂಟು ವರ್ಷ ಮೊಟ್ಟೆ ಗಾಡಿ ನಡೆಸಿದವರು. ಕಾಲೇಜು ಮುಗಿಸಿ ಬಂದರೆ ಸಂಜೆ ಈರುಳ್ಳಿ ಹೆಚ್ಚುವ ಕೆಲಸ ನನ್ನದು. ಆಮೇಲೆ ಕಾವಲಿ ಮುಂದೆಯೂ ನಿಂತಿದ್ದೇನೆ. ಅದಕ್ಕೇ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನೀವು ಮಡಚುವ ಹೊತ್ತಿಗೆ ಆಮ್ಲೆಟ್ ಪದರ ಬ್ರೆಡ್ಡಿನ ಮೇಲೆ ಇರುತ್ತದಾ, ಕೆಳಗೆ ಇರುತ್ತದಾ? ಅಂದರೆ ಬ್ರೆಡ್ ಇಟ್ಟ ಮೇಲೆ ಇಡೀದನ್ನು ಒಂದು ಸಲ ಮಗುಚುತ್ತೀರಾ?

ರಾತ್ರಿ ಪಾಳಿ

ಮಗುಚುವುದಿಲ್ಲ. ಬ್ರೆಡ್ ಮೇಲೆ, ಆಮ್ಲೆಟ್ ಕೆಳಗೆ. ಹಾಗೇ ಒಂದರ ಮೇಲೆ ಒಂದು ಮಡಚುತ್ತೇನೆ.

ಗಾಡಿ ಮಗ

ಹಾಗಾದರೆ ಹರಿಯಲೇಬೇಕು. ಒಂದು ದಪ್ಪ ಪುಸ್ತಕ ತೆಗೆದುಕೊಳ್ಳಿ. ಅದರ ರಟ್ಟು ಹೊರಗೆ ಇರುತ್ತದೆ, ಹಾಳೆಗಳು ಒಳಗೆ. ರಟ್ಟಿನ ಬೆನ್ನು ಹಾಳೆಗಳ ದಪ್ಪಕ್ಕೆ ಸಮ ಅಗಲ ಇದ್ದರೆ ಮಾತ್ರ ಪುಸ್ತಕ ಮುಚ್ಚುತ್ತದೆ. ನೀವು ಮಾಡುತ್ತಿರುವುದೂ ಅದೇ. ಆಮ್ಲೆಟ್ ರಟ್ಟು, ಬ್ರೆಡ್ ಹಾಳೆ. ಎರಡು ಬ್ರೆಡ್ ಒಂದಕ್ಕೊಂದು ತಾಗಿಸಿ ಇಟ್ಟಿದ್ದೀರಿ, ಹಾಗಾಗಿ ಬೆನ್ನಿಗೆ ಜಾಗವೇ ಇಲ್ಲ. ಮಡಚಿದಾಗ ಎರಡರ ಅಂಚೂ ಒತ್ತಿಕೊಂಡು ಕೆಳಗಿನ ಆಮ್ಲೆಟ್ಟನ್ನು ಎಳೆಯುತ್ತವೆ. ಹೀಗೇ ಮಾಡಬೇಕು ಅಂತಿದ್ದರೆ ಎರಡು ಬ್ರೆಡ್ಡಿನ ದಪ್ಪದಷ್ಟು, ಸುಮಾರು ಒಂದೂವರೆ ಬೆರಳು, ನಡುವೆ ಜಾಗ ಬಿಡಿ. ಆದರೆ ಆಗ ಮೊಟ್ಟೆ ಹೊರಗೆ ಬರುತ್ತದೆ, ಬ್ರೆಡ್ ಒಳಗೆ ಹೋಗುತ್ತದೆ. ನಿಮ್ಮ ಗಾಡಿಯವರು ಮಾಡುವುದು ಇದಲ್ಲ.

ಅವರು ಬಹುಶಃ ಹೀಗೆ ಮಾಡುತ್ತಾರೆ. ನಾಳೆ ಕೈ ನೋಡಿ. ಕಾವಲಿ ಮೇಲೆ ಮೊಟ್ಟೆ ಹೊಯ್ದು ಲೋಟದ ತಳದಲ್ಲೇ ಹರಡುತ್ತಾರೆ. ಮೇಲ್ಭಾಗ ಇನ್ನೂ ನೀರುನೀರಾಗಿದ್ದಾಗಲೇ ಎರಡು ಬ್ರೆಡ್ ಇಟ್ಟು, ಬೆರಳಲ್ಲಿ ಒಂದು ಸಲ ಅದುಮಿ, ತಕ್ಷಣ ಎರಡನ್ನೂ ತಿರುವಿ ಹಾಕುತ್ತಾರೆ. ಇದಕ್ಕೆ ಮೂರು ನಾಲ್ಕು ಸೆಕೆಂಡ್ ಅಷ್ಟೇ. ಆಗ ಬ್ರೆಡ್ಡಿನ ಎರಡೂ ಮುಖಕ್ಕೆ ಹಸಿ ಮೊಟ್ಟೆ ಹತ್ತುತ್ತದೆ. ಕೆಳಗಿನದು ಆಮ್ಲೆಟ್ಟಿಗೆ ಅಂಟು, ಮೇಲಿನದು ಆಮೇಲೆ ಕಾವಲಿಗೆ ತಾಗಿ ಕೆಂಪಾಗುವ ಮುಖ. ಅರ್ಧ ನಿಮಿಷ ಬಿಟ್ಟು, ಮಗುಚುವ ಕೈ ತಳಕ್ಕೆ ಹಾಕಿ ಇಡೀದನ್ನು ಒಂದೇ ಏಟಿಗೆ ಮಗುಚುತ್ತಾರೆ. ಈಗ ಬ್ರೆಡ್ ಕೆಳಗೆ, ಆಮ್ಲೆಟ್ ಮೇಲೆ. ಸುತ್ತ ಚಾಚಿಕೊಂಡಿರುವ ಆಮ್ಲೆಟ್ ಅಂಚನ್ನು ನಾಲ್ಕೂ ಕಡೆಯಿಂದ ಒಳಗೆ ಮಡಚುತ್ತಾರೆ. ಆಮೇಲೆ ಒಂದು ಬ್ರೆಡ್ಡನ್ನು ಎತ್ತಿ ಇನ್ನೊಂದರ ಮೇಲೆ ಕವುಚುತ್ತಾರೆ. ಆಮ್ಲೆಟ್ ಆಮ್ಲೆಟ್ಟಿಗೆ ಎದುರಾಗುತ್ತದೆ, ಬ್ರೆಡ್ ಹೊರಗೆ ಉಳಿಯುತ್ತದೆ. ಹೀಗೆ ಮಡಚುವಾಗ ಬ್ರೆಡ್ಡಿನ ಅಂಚುಗಳು ಒಂದರಿಂದ ಒಂದು ದೂರ ಹೋಗುತ್ತವೆ, ಒತ್ತಿಕೊಳ್ಳುವುದಿಲ್ಲ. ಹಾಗಾಗಿ ಬ್ರೆಡ್ಡುಗಳನ್ನು ಹತ್ತಿರವೇ ಇಡಬಹುದು. ಅರ್ಧ ಬೆರಳು ಬಿಟ್ಟರೂ ಸಾಕು.

ಸುಧಾ ಮೇಡಂ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಟೋಸ್ಟ್ ಮಾಡಿದ ಬ್ರೆಡ್ ಮೆತ್ತಗಾಗುವುದಿಲ್ಲ, ನಿಜ. ಆದರೆ ಬೆಣ್ಣೆ ಸವರಿದ ಮುಖಕ್ಕೆ ಹಸಿ ಮೊಟ್ಟೆ ಇಳಿಯುವುದಿಲ್ಲ. ಮೇಲೆ ಕೂತು ಬೆಂದು, ಕಚ್ಚಿದ ಕೂಡಲೇ ಜಾರುತ್ತದೆ. ಹಾಲು ಹಾಕಿದರೆ ಆಮ್ಲೆಟ್ ಮೃದುವಾಗುತ್ತದೆ, ಆದರೆ ಹಿಡಿತ ಕಡಿಮೆ. ತಟ್ಟೆಯಲ್ಲಿ ಚಮಚ ಹಾಕಿ ತಿನ್ನುವುದಕ್ಕೆ ಅದು ಸರಿ, ಮಡಚುವುದಕ್ಕೆ ಬೇಡ.

ಸುಧಾ ಟೀಚರ್

ನಾವು ತಟ್ಟೆಯಲ್ಲೇ ತಿನ್ನುವುದು. ಅದಕ್ಕೇ ಗೊತ್ತಾಗಿರಲಿಲ್ಲ ನೋಡಿ. ಆದರೆ ನಿನ್ನೆಯ ಒಣಗಿದ ಬ್ರೆಡ್ ಇದ್ದರೆ ಟೋಸ್ಟ್ ಮಾಡುವ ಅಗತ್ಯವಿಲ್ಲ ಅನ್ನುವುದನ್ನು ನೀವೂ ಒಪ್ಪುತ್ತೀರಿ ತಾನೇ?

ಗಾಡಿ ಮಗ

ಪೂರ್ತಿ ಒಪ್ಪುತ್ತೇನೆ. ಅಪ್ಪ ಬೇಕರಿಯಿಂದ ಬಿಸಿ ಬ್ರೆಡ್ ತಂದ ದಿನ ಬೈದುಕೊಳ್ಳುತ್ತಿದ್ದರು. ಹೊಸ ಬ್ರೆಡ್ ಅದುಮಿದರೆ ಅಪ್ಪಚ್ಚಿ, ಮೊಟ್ಟೆ ಕುಡಿದು ಹರಿದುಹೋಗುತ್ತದೆ. ಇನ್ನೊಂದು ವಿಷಯ, ಸ್ವೀಟ್ ಬ್ರೆಡ್ ತರಬೇಡಿ. ಸಕ್ಕರೆ ಇರುವುದರಿಂದ ಒಳಗಿನ ಮೊಟ್ಟೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಸಾಲ್ಟ್ ಬ್ರೆಡ್ ಅಂತ ಕೇಳಿ ತನ್ನಿ. ಪೊಟ್ಟಣದಿಂದ ಅಕ್ಕಪಕ್ಕ ಇದ್ದ ಎರಡು ಹೋಳನ್ನೇ ತೆಗೆಯಿರಿ, ಪುಸ್ತಕ ಬಿಚ್ಚಿದ ಹಾಗೆ ಕಾವಲಿ ಮೇಲೆ ಬಿಚ್ಚಿಡಿ. ಮಡಚಿದಾಗ ಅಂಚಿಗೆ ಅಂಚು ಸರಿಯಾಗಿ ಕೂರುತ್ತದೆ.

ಹುಬ್ಬಳ್ಳಿ ಮಂದಿ

ನಮ್ಮ ಕಡೆ ಇಷ್ಟು ಮಡಚಾಟ ಇಲ್ಲರೀ. ಮೊದಲು ತತ್ತಿಯ ಆಮ್ಲೆಟ್ ಪೂರ್ತಿ ಬೇಯಿಸಿ, ಅದನ್ನು ನಾಲ್ಕು ಮಡಿಕೆ ಮಾಡಿ ಎರಡು ಬ್ರೆಡ್ ನಡುವೆ ಇಟ್ಟು, ಮೇಲೆ ಹಸಿ ಉಳ್ಳಾಗಡ್ಡಿ ಚೂರು ಉದುರಿಸಿ ಕೊಡುತ್ತಾರೆ. ಬಿದ್ದರೆ ಬೀಳಲಿ, ಎತ್ತಿಕೊಂಡು ತಿನ್ನುವುದೇ. ಮೊದಲು ರುಚಿ ಹೆಂಗಿದೆ ಅಂತ ನೋಡಬೇಕು. ಹೊರಗೆ ತತ್ತಿ ಹತ್ತಿದ ಬ್ರೆಡ್ ಒಂಥರಾ ವಾಸನೆ ಹೊಡೆಯುತ್ತದೆ ಅಂತ ನನ್ನ ಅನಿಸಿಕೆ.

ರಾತ್ರಿ ಪಾಳಿ

ನನ್ನ ಪ್ರಶ್ನೆಯೇ ಅಂಟುವುದರ ಬಗ್ಗೆ ಅಣ್ಣಾ. ಗಾಡಿ ಮಗ ಹೇಳಿದ ಹಾಗೆ ಇವತ್ತು ಬೆಳಿಗ್ಗೆ ಮಾಡಿದೆ. ಹರಿಯಲಿಲ್ಲ! ಆದರೆ ಎರಡು ತೊಂದರೆ. ಒಂದು, ಬ್ರೆಡ್ ಇಟ್ಟಾಗ ಕೆಲವು ಕಡೆ ಮೊಟ್ಟೆ ಹತ್ತಲೇ ಇಲ್ಲ, ಈರುಳ್ಳಿಯ ಮೇಲೆ ಬ್ರೆಡ್ ಕುಂತಂತೆ ಇತ್ತು. ಎರಡು, ಮಡಚಿ ತಟ್ಟೆಗೆ ಹಾಕಿದೆ, ಕತ್ತರಿಸಿದರೆ ಎರಡು ಅರ್ಧವೂ ಬಾಯಿ ಬಿಟ್ಟವು. ಅಂಚಿನಿಂದ ಈರುಳ್ಳಿ ಉದುರಿತು. ತವಾ ಮೇಲೆ ನೀರು ಕೂಡ ಬಿಟ್ಟುಕೊಂಡಿತ್ತು.

ಗಾಡಿ ಮಗ

ಆ ನೀರು ನೀವು ಸ್ನಾನಕ್ಕೆ ಹೋದಾಗಿನ ನೀರು. ತಮಾಷೆಗೆ ಹೇಳುತ್ತಿಲ್ಲ. ಈರುಳ್ಳಿಗೆ ಉಪ್ಪು ಹಾಕಿ ಕಾಲು ಗಂಟೆ ಇಟ್ಟರೆ ಒಳಗಿನ ನೀರು ಹೊರಗೆ ಬರುತ್ತದೆ. ಅದು ಮೊಟ್ಟೆಯನ್ನು ತೆಳು ಮಾಡುತ್ತದೆ. ಕಾವಲಿ ಮೇಲೆ ಆ ನೀರು ಮೊಟ್ಟೆಯನ್ನು ಬೇಗ ಗಟ್ಟಿಯಾಗಲು ಬಿಡುವುದಿಲ್ಲ. ಗಾಡಿಯಲ್ಲಿ ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಸಂಜೆಯಿಂದ ಡಬ್ಬದಲ್ಲಿ ಕಲೆಸಿ ಇಟ್ಟಿರುತ್ತಾರೆ, ಆದರೆ ಅದಕ್ಕೆ ಉಪ್ಪು ಹಾಕಿರುವುದಿಲ್ಲ. ಉಪ್ಪು ಲೋಟಕ್ಕೆ, ಮೊಟ್ಟೆ ಒಡೆದ ಮೇಲೆ, ಕಾವಲಿಗೆ ಹೊಯ್ಯುವ ಹತ್ತು ಸೆಕೆಂಡ್ ಮೊದಲು. ರಾತ್ರಿ ಹೊತ್ತಿಗೆ ಡಬ್ಬದ ತಳದಲ್ಲಿ ಹೇಗಿದ್ದರೂ ಸ್ವಲ್ಪ ನೀರು ನಿಲ್ಲುತ್ತಿತ್ತು. ಅಪ್ಪ ಮೇಲಿನಿಂದ ಮೂರು ಬೆರಳಲ್ಲಿ ಎತ್ತಿ, ಡಬ್ಬದ ಅಂಚಿಗೆ ಒಮ್ಮೆ ಹಿಂಡಿ ಲೋಟಕ್ಕೆ ಹಾಕುತ್ತಿದ್ದರು. ಮೂರು ಬೆರಳಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ ಎರಡು ಮೊಟ್ಟೆಗೆ. ಅಂದಾಜು ಎರಡು ದೊಡ್ಡ ಚಮಚ. ನೀವು ಹಾಕಿದ್ದು ಒಂದು ದೊಡ್ಡ ಈರುಳ್ಳಿ ಪೂರ್ತಿ. ಅದು ಮೊಟ್ಟೆ ಹಾಕಿದ ಈರುಳ್ಳಿ ಪಲ್ಯ ಆಯಿತು.

ಈರುಳ್ಳಿ ದಪ್ಪ ಇದ್ದರೆ ಬ್ರೆಡ್ ಅದರ ಮೇಲೆ ಕೂರುತ್ತದೆ, ಕೆಳಗಿನ ಮೊಟ್ಟೆಗೆ ಮುಟ್ಟುವುದಿಲ್ಲ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಿ, ಸಾಕು. ಹೊಯ್ದ ಮೇಲೆ ಚಮಚದಲ್ಲಿ ಸಮ ಹರಡಿ. ನಡುವಿನ ಮಡಿಕೆಯ ಗೆರೆಯಲ್ಲಿ ಈರುಳ್ಳಿ ಇಲ್ಲದ ಹಾಗೆ ಸರಿಸಿ. ಅಲ್ಲಿ ದೊಡ್ಡ ಚೂರು ಇದ್ದರೆ ಅಲ್ಲೇ ಸೀಳುತ್ತದೆ.

ಬಾಯಿ ಬಿಟ್ಟಿದ್ದಕ್ಕೆ ಕಾರಣ ಬೇರೆ. ಬೆಂದ ಮೊಟ್ಟೆ ಬೆಂದ ಮೊಟ್ಟೆಗೆ ಅಂಟುವುದಿಲ್ಲ. ನೀವು ಮಡಚುವ ಹೊತ್ತಿಗೆ ಎರಡು ಕಡೆಯೂ ಬೆಂದಿರುತ್ತದೆ, ಸುಮ್ನೆ ಒಂದರ ಮೇಲೆ ಒಂದು ಕೂತಿರುತ್ತದೆ. ಅಂಟಬೇಕಾದರೆ ನಡುವೆ ಹಸಿ ಮೊಟ್ಟೆ ಬೇಕು. ಹೊಯ್ಯುವಾಗ ಲೋಟದಲ್ಲಿ ಒಂದು ಚಮಚದಷ್ಟು ಉಳಿಸಿಕೊಳ್ಳಿ. ಅಂಚು ಒಳಗೆ ಮಡಚಿದ ಮೇಲೆ, ಕವುಚುವ ಮೊದಲು, ಅದನ್ನು ಒಂದು ಬ್ರೆಡ್ಡಿನ ಮೂರು ಅಂಚಿಗೆ ಸವರಿ. ನಡುವೆ ಬೇಡ. ಕವುಚಿ, ಮಗುಚುವ ಕೈಯಲ್ಲಿ ಅಂಚಿನ ಸುತ್ತ ಅದುಮಿ ಹಿಡಿಯಿರಿ. ಆಮೇಲೆ ಉರಿ ಸಣ್ಣ ಮಾಡಿ, ಒಂದೊಂದು ಕಡೆ ಮುಕ್ಕಾಲು ನಿಮಿಷ. ಗಾಡಿಯಲ್ಲಿ ನಾವು ಕಾವಲಿಯ ನಡುವಿನಿಂದ ಅಂಚಿಗೆ ಸರಿಸುತ್ತಿದ್ದೆವು, ಅಲ್ಲಿ ಕಾವು ಕಡಿಮೆ. ಈಗ ಶಾಖ ಬ್ರೆಡ್ ದಾಟಿ ಒಳಗೆ ಹೋಗಬೇಕಲ್ಲ, ಅದಕ್ಕೆ ಹೊತ್ತು ಹಿಡಿಯುತ್ತದೆ. ಆಸೆಯಿಂದ ಎರಡು ಮೂರು ಚಮಚ ಸವರಿದರೆ ಒಳಗೆ ಹಸಿಯೇ ಉಳಿಯುತ್ತದೆ. ಕತ್ತರಿಸಿದಾಗ ಲೋಳೆ ಕಂಡರೆ ಮತ್ತೆ ಕಾವಲಿಗೆ ಹಾಕಿ, ಹಾಗೇ ತಿನ್ನಬೇಡಿ.

ಕುಡ್ಲದ ಹುಡುಗಿ

ನಮ್ಮ ಊರಿನಲ್ಲಿ ನೀರುಳ್ಳಿ ಜೊತೆ ಟೊಮೆಟೊ ಕೂಡ ಹಾಕುತ್ತಾರೆ. ಅದು ಇನ್ನೂ ನೀರು ಬಿಡುತ್ತದೆ ಅಲ್ವಾ? ಮತ್ತೆ ಮೆಣಸಿನಕಾಯಿ ಬಗ್ಗೆ ಯಾರೂ ಹೇಳಲಿಲ್ಲ. ನಾನು ಎಣ್ಣೆಗೆ ಮೊದಲು ಹಸಿಮೆಣಸು ಹಾಕಿ ಹುರಿದು, ಅದರ ಮೇಲೆ ಮೊಟ್ಟೆ ಹೊಯ್ಯುತ್ತೇನೆ. ಪರಿಮಳ ಜಾಸ್ತಿ. ಆದರೆ ಇಡೀ ಮನೆ ಕೆಮ್ಮುತ್ತದೆ.

ಗಾಡಿ ಮಗ

ಟೊಮೆಟೊ ಹಾಕುವುದಾದರೆ ಬೀಜ, ರಸ ತೆಗೆದು ಬರೀ ತಿರುಳು ಹಾಕಿ. ಇಲ್ಲ ಅಂದರೆ ಬೇಡವೇ ಬೇಡ. ನಮ್ಮ ಗಾಡಿಯಲ್ಲಿ ಹಾಕುತ್ತಿರಲಿಲ್ಲ.

ಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಘಾಟು ಬಂದೇ ಬರುತ್ತದೆ. ಬಯಲಿನಲ್ಲಿ ಅದು ಗಾಳಿಗೆ ಹೋಗುತ್ತದೆ, ಗಿರಾಕಿ ಕರೆಯುವ ಪರಿಮಳವೂ ಅದೇ. ಮನೆಯಲ್ಲಿ ಮೊಟ್ಟೆಯೊಳಗೆ ಕಲಸಿ ಹಾಕುವುದೇ ವಾಸಿ. ಉದ್ದ ಸೀಳಬೇಡಿ, ಮಡಚುವಾಗ ಚುಚ್ಚಿ ತೂತು ಮಾಡುತ್ತದೆ. ಸಣ್ಣ ಬಿಲ್ಲೆ ಮಾಡಿ.

ಹುಬ್ಬಳ್ಳಿ ಮಂದಿ

ಖಾರ ಕಡಿಮೆ ಬೇಕಾದರೆ ಬೀಜ ತೆಗೆಯಿರಿ.

ಕುಡ್ಲದ ಹುಡುಗಿ

ಖಾರ ಜಾಸ್ತಿ ಇರುವುದು ಬೀಜ ಹಿಡಿದಿರುವ ಆ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದು ತಾಗಿರುತ್ತದೆ ಅಷ್ಟೇ. ಬೀಜ ಮಾತ್ರ ಕೊಡವಿ ಬಿಳಿಯದನ್ನು ಬಿಟ್ಟರೆ ಹೆಚ್ಚೇನೂ ಕಡಿಮೆಯಾಗದು.

ಹುಬ್ಬಳ್ಳಿ ಮಂದಿ

ಇರಬಹುದು. ನಾನು ಕಡಿಮೆ ಮಾಡಿ ತಿಂದವನೇ ಅಲ್ಲ.

ಡಬ್ಲಿನ್ ಕನ್ನಡಿಗ

ನನ್ನದು ಬೇರೆಯೇ ಕತೆ. ಬಾಡಿಗೆ ಮನೆಯ ಕರೆಂಟ್ ಒಲೆ, 20 ಸೆಂಟಿಮೀಟರಿನ ನಾನ್‌ಸ್ಟಿಕ್ ಪ್ಯಾನ್. ಎರಡು ಬ್ರೆಡ್ ಪಕ್ಕಪಕ್ಕ ಹಿಡಿಸುವುದೇ ಇಲ್ಲ. ಇಲ್ಲಿನ ಬ್ರೆಡ್ ಹೋಳು ಊರಿನದಕ್ಕಿಂತ ದೊಡ್ಡದು. ಉರಿ ಸಣ್ಣ ಮಾಡಿದರೂ ಒಲೆ ಎರಡು ನಿಮಿಷ ಹಾಗೇ ಕೆಂಪಗಿರುತ್ತದೆ. ಏನು ಮಾಡಲಿ?

ಗಾಡಿ ಮಗ

ಒಂದೇ ಹೋಳನ್ನು ನಡುವೆ ಕತ್ತರಿಸಿ ಎರಡು ಅರ್ಧ ಮಾಡಿ. ಒಂದು ಮೊಟ್ಟೆ, ಒಂದು ಚಮಚ ಈರುಳ್ಳಿ, ಒಂದು ಮೆಣಸಿನಕಾಯಿ. ಉಳಿದಿದ್ದೆಲ್ಲ ಅದೇ ಕ್ರಮ. ಉರಿ ಇಳಿಸುವ ಬದಲು ಪ್ಯಾನನ್ನೇ ಎತ್ತಿ ಪಕ್ಕಕ್ಕೆ ಇಡಿ. ತೆಳು ಪ್ಯಾನಿಗೆ ಫ್ರಿಜ್ಜಿನ ಮೊಟ್ಟೆ ಬಿದ್ದರೆ ತಣ್ಣಗಾಗಿ ಬಿಡುತ್ತದೆ, ಹಾಗಾಗಿ ಮೊಟ್ಟೆ ಅರ್ಧ ಗಂಟೆ ಮೊದಲೇ ಹೊರಗಿಡಿ. ನಮ್ಮ ಕಾವಲಿ ಬೆರಳು ದಪ್ಪದ ಕಬ್ಬಿಣ, ಹತ್ತು ಮೊಟ್ಟೆ ಸುರಿದರೂ ಕಾವು ಇಳಿಯುತ್ತಿರಲಿಲ್ಲ. ಮಗುಚಲು ಭಯವಾದರೆ ತಟ್ಟೆ ಕವುಚಿ ತಿರುಗಿಸಿ, ಜಾರಿಸಿ ವಾಪಸ್ ಹಾಕಿ.

ರಾತ್ರಿ ಪಾಳಿ

ಆರನೇ ಸಲದ ವರದಿ. ನಿನ್ನೆ ರಾತ್ರಿ ಗಾಡಿಯ ಮುಂದೆ ಕಾಲು ಗಂಟೆ ನಿಂತು ಕೈ ನೋಡಿದೆ. ಬ್ರೆಡ್ ಇಟ್ಟು ತಿರುವುವುದು ಎಷ್ಟು ಬೇಗ ಅಂದರೆ ಮೊದಲ ಸಲ ನನಗೆ ಕಾಣಿಸಲೇ ಇಲ್ಲ. ಆದರೆ ಅವರು ಲೋಟದಲ್ಲಿ ಮೊಟ್ಟೆ ಉಳಿಸಲಿಲ್ಲ. ಪೂರ್ತಿ ಹೊಯ್ದು, ಮಗುಚಿದ ಮೇಲೆ ಲೋಟದ ಒಳಗೆ ಬೆರಳು ಹಾಕಿ ಒರೆಸಿ, ಅಂಟಿದ್ದಷ್ಟನ್ನೇ ಅಂಚಿಗೆ ಸವರಿದರು. ಅಷ್ಟಕ್ಕೇ ಅಂಟಿತು.

ಮನೆಯಲ್ಲಿ ಇವತ್ತು: ಎರಡು ಮೊಟ್ಟೆ, ಎರಡು ಚಮಚ ಈರುಳ್ಳಿ, ಎರಡು ಮೆಣಸಿನಕಾಯಿ, ನಿನ್ನೆಯ ಸಾಲ್ಟ್ ಬ್ರೆಡ್. ಉಪ್ಪು ಕೊನೆಗೆ. ನೀರು ಬಿಡಲಿಲ್ಲ. ಮಗುಚಿದಾಗ ಒಂದು ಮೂಲೆ ತವಾದ ಅಂಚಿಗೆ ಬಡಿದು ಹರಿಯಿತು, ಉಳಿದದ್ದು ಸರಿ. ಕತ್ತರಿಸಿದರೆ ಮೂರು ಕಡೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು, ಆ ಮೂಲೆಯಿಂದ ಮಾತ್ರ ಈರುಳ್ಳಿ ಇಣುಕುತ್ತಿತ್ತು. ಒಂದು ಪ್ರಶ್ನೆ ಉಳಿದಿದೆ. ಹೊರಗಿನ ಬ್ರೆಡ್ ಗಾಡಿಯದರಷ್ಟು ಗರಿಗರಿ ಇಲ್ಲ. ಎಣ್ಣೆ ಕಡಿಮೆಯಾಯಿತಾ?

ಗಾಡಿ ಮಗ

ಮಗುಚಿದ ಮೇಲೆ ಬ್ರೆಡ್ಡಿನ ಸುತ್ತ ಅರ್ಧ ಚಮಚ ಎಣ್ಣೆ ಬಿಡಬೇಕು. ಮೊದಲು ಹಾಕಿದ ಎಣ್ಣೆಯನ್ನು ಆಮ್ಲೆಟ್ ಹೀರಿರುತ್ತದೆ.

ಸುಧಾ ಟೀಚರ್

ಅಲ್ಲಿಗೇ ಬೆಣ್ಣೆ ಹಾಕಬಹುದಲ್ಲ! ಆಗ ಅಂಟುವ ಕೆಲಸ ಮುಗಿದಿರುತ್ತದೆ.

ಗಾಡಿ ಮಗ

ಮೇಡಂ, ಹಾಕಬಹುದು. ಅಪ್ಪ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಬೆಣ್ಣೆ ಬೇಗ ಕಪ್ಪಾಗಿ ಕಾವಲಿಗೆ ಹಿಡಿಯುತ್ತದೆ, ಮುಂದಿನ ಗಿರಾಕಿಯ ಆಮ್ಲೆಟ್ಟಿಗೆ ಚುಕ್ಕೆ ಬೀಳುತ್ತದೆ ಅಂತ ಅವರ ವಾದ. ಮನೆಯಲ್ಲಿ ಮುಂದಿನ ಗಿರಾಕಿ ಇಲ್ಲವಲ್ಲ.

ಹುಬ್ಬಳ್ಳಿ ಮಂದಿ

ಇವತ್ತು ನಾನೂ ಮಡಚಿ ನೋಡಿದೆ. ಅಂಟಿತು ಖರೆ. ಆದರೆ ಮೇಲೆ ಹಸಿ ಉಳ್ಳಾಗಡ್ಡಿ ಇಲ್ಲದೆ ತಿನ್ನಲು ಆಗಲಿಲ್ಲ. ಮತ್ತೆ ಉದುರಿಸಿಕೊಂಡೆ, ಮತ್ತೆ ಬಿತ್ತು.